ಅದೇ ಉತ್ತರ, ಅದೇ ಮಾಡೆಲ್, ಆದರೂ ತೀರ್ಪು ಯಾಕೆ ಬೇರೆ?

‘ಹಂಪಿ ಯಾವ ಜಿಲ್ಲೆಯಲ್ಲಿದೆ?’ ಇದು ಪ್ರಶ್ನೆ. ‘ಬಳ್ಳಾರಿ ಜಿಲ್ಲೆಯಲ್ಲಿ, ಹೊಸಪೇಟೆ ಹತ್ತಿರ.’ ಇದು ಉತ್ತರ. ಇವೆರಡನ್ನೂ ಒಂದು ಭಾಷಾ ಮಾಡೆಲ್‌ಗೆ ಕೊಟ್ಟು, ಉತ್ತರ ಸರಿಯೋ ತಪ್ಪೋ ಹೇಳು ಎಂದು ಕೇಳಿದೆವು ಅಂದುಕೊಳ್ಳಿ. ಬೆಳಿಗ್ಗೆ ‘ಸರಿ’ ಎಂದು ಬಂತು. ಸಂಜೆ ಒಂದಕ್ಷರವೂ ಬದಲಿಸದೆ ಮತ್ತೆ ಕಳಿಸಿದೆವು. ‘ತಪ್ಪು’ ಎಂದು ಬಂತು.

ಮಾಡೆಲ್ ಬರೆದ ಉತ್ತರಗಳನ್ನು ಇನ್ನೊಂದು ಮಾಡೆಲ್ ಕೈಲಿ ತಿದ್ದಿಸುವ ಕೆಲಸ ಈಗ ಎಲ್ಲ ಕಡೆ ನಡೆಯುತ್ತಿದೆ. ಕನ್ನಡದಲ್ಲಿ ಮಾತಾಡುವ ಚಾಟ್‌ಬಾಟ್ ಕಟ್ಟುವವರು, ಅನುವಾದದ ಗುಣಮಟ್ಟ ಅಳೆಯುವವರು ಸಾವಿರಾರು ಉತ್ತರಗಳನ್ನು ಪ್ರತಿ ಸಲ ಕೂತು ಓದಲು ಆಗುವುದಿಲ್ಲ. ಹಾಗಾಗಿ ತೀರ್ಪುಗಾರ ಮಾಡೆಲ್ ಒಂದನ್ನು ಇಟ್ಟುಕೊಳ್ಳುತ್ತಾರೆ. ಕೊನೆಗೆ ಕೈಗೆ ಬರುವುದು ಒಂದು ಅಂಕಿ. ಮೊನ್ನೆ ನೂರಕ್ಕೆ 87 ಸರಿ ಇತ್ತು, ಇವತ್ತು 88 ಬಂದಿದೆ. ಚಾಟ್‌ಬಾಟ್ ನಿಜವಾಗಿ ಸುಧಾರಿಸಿತೋ, ತೀರ್ಪುಗಾರ ಸುಮ್ನೆ ಆ ಕಡೆ ಈ ಕಡೆ ವಾಲಿತೋ? ಇದು ಗೊತ್ತಿಲ್ಲದಿದ್ದರೆ ಆ ಒಂದು ಅಂಕಕ್ಕೆ ಅರ್ಥವೇ ಇಲ್ಲ.

ಇದಕ್ಕೆ ಎಲ್ಲರೂ ಮೊದಲು ಹೇಳುವ ಮದ್ದು, ‘ಟೆಂಪರೇಚರ್ ಸೊನ್ನೆ ಮಾಡಿ’. ಮದ್ದು ಒಳ್ಳೆಯದೇ. ಆದರೆ ಅದು ಯಾವ ಕಾಯಿಲೆಗೆ, ಯಾವುದಕ್ಕಲ್ಲ ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಮಾಡೆಲ್ ಬರೆಯುವುದು ಟೋಕನ್ ಎಂಬ ಚೂರುಗಳಲ್ಲಿ, ಒಂದಾದ ಮೇಲೆ ಒಂದು. ಮುಂದಿನ ಚೂರು ಯಾವುದಾಗಬಹುದು ಎಂದು ತನಗೆ ಗೊತ್ತಿರುವ ಪ್ರತಿಯೊಂದು ಚೂರಿಗೂ ಒಂದು ಅಂಕ ಕೊಡುತ್ತದೆ. ಆ ಅಂಕಗಳನ್ನು ಸಂಭವನೀಯತೆಯಾಗಿ ಬದಲಿಸಿ, ಅದರ ಪ್ರಕಾರ ಚೀಟಿ ಎತ್ತಿದ ಹಾಗೆ ಒಂದನ್ನು ಎತ್ತುತ್ತದೆ. ಟೆಂಪರೇಚರ್ ಕೆಲಸ ಮಾಡುವುದು ಈ ಬದಲಾವಣೆ ಆಗುವ ಜಾಗದಲ್ಲಿ. ಅಂಕಗಳನ್ನೆಲ್ಲ ಮೊದಲು ಟೆಂಪರೇಚರ್‌ನಿಂದ ಭಾಗಿಸುತ್ತಾರೆ. ಸಣ್ಣ ಸಂಖ್ಯೆಯಿಂದ ಭಾಗಿಸಿದರೆ ಅಂಕಗಳ ನಡುವಿನ ಅಂತರ ಹಿಗ್ಗುತ್ತದೆ. ಮುಂದಿದ್ದವನು ಇನ್ನೂ ಮುಂದೆ ಹೋಗುತ್ತಾನೆ.

ಒಂದು ಸುಲಭದ ಉತ್ತರ ತೆಗೆದುಕೊಳ್ಳೋಣ. ‘ಕರ್ನಾಟಕದ ರಾಜಧಾನಿ ಬೆಂಗಳೂರು.’ ಇಲ್ಲಿ ‘ಸರಿ’ ಎಂಬುದಕ್ಕೆ ‘ತಪ್ಪು’ ಎಂಬುದಕ್ಕಿಂತ 5 ಅಂಕ ಜಾಸ್ತಿ ಬಿತ್ತು ಎನ್ನೋಣ. ಟೆಂಪರೇಚರ್ 1 ಇದ್ದರೆ ‘ಸರಿ’ ಬರುವ ಸಂಭವ ನೂರಕ್ಕೆ 99.3. ಅಂದರೆ ಇಷ್ಟು ಸ್ಪಷ್ಟವಾದ ವಿಷಯದಲ್ಲೂ ಸಾವಿರಕ್ಕೆ ಸುಮಾರು 7 ಸಲ ಚೀಟಿ ಕೈಕೊಡುತ್ತದೆ. ಟೆಂಪರೇಚರ್ 0.2ಕ್ಕೆ ಇಳಿಸಿದರೆ ಅಂತರ 25 ಆಗುತ್ತದೆ. ಆಮೇಲೆ ತಪ್ಪುವ ಸಂಭವ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಈ ಬಗೆಯ ಏರುಪೇರಿಗೆ ಟೆಂಪರೇಚರ್ ಇಳಿಸುವುದು ಸರಿಯಾದ ಮದ್ದು.

ಈಗ ಹಂಪಿಗೆ ಬನ್ನಿ. ಅದು ಬಹಳ ಕಾಲ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. 2021ರಲ್ಲಿ ಬಳ್ಳಾರಿಯನ್ನು ಒಡೆದು ವಿಜಯನಗರ ಜಿಲ್ಲೆ ಮಾಡಿದರು, ಹಂಪಿ ಅದಕ್ಕೆ ಸೇರಿತು. ಮಾಡೆಲ್ ಕಲಿತ ಬರಹದಲ್ಲಿ ಹಳೆಯದೂ ಇದೆ, ಹೊಸದೂ ಇದೆ. ಹಾಗಾಗಿ ‘ಸರಿ’, ‘ತಪ್ಪು’ ಎರಡೂ ಹತ್ತಿರ ಹತ್ತಿರ ನಿಂತಿರುತ್ತವೆ. ಅಂತರ ಬರೀ 0.1 ಎಂದಿಟ್ಟುಕೊಳ್ಳಿ. ಟೆಂಪರೇಚರ್ 1ರಲ್ಲಿ ಅದು ನೂರಕ್ಕೆ 52.5ಕ್ಕೆ 47.5. ಹೆಚ್ಚುಕಡಿಮೆ ನಾಣ್ಯ ಚಿಮ್ಮಿದಂತೆಯೇ. 0.2ಕ್ಕೆ ಇಳಿಸಿದರೆ 62ಕ್ಕೆ 38. ‘ಕಡಿಮೆ ಟೆಂಪರೇಚರ್ ಇಟ್ಟಿದ್ದೇನೆ’ ಎಂದು ನೆಮ್ಮದಿಯಾಗಿರುವವರು ಈ 38ನ್ನು ಗಮನಿಸಬೇಕು. ಮೂರರಲ್ಲಿ ಒಂದಕ್ಕಿಂತ ಹೆಚ್ಚು ಸಲ ತೀರ್ಪು ಮಗುಚುತ್ತದೆ. 0.01ಕ್ಕೆ ಇಳಿಸಿದಾಗ ಮಾತ್ರ ‘ಸರಿ’ ಹೆಚ್ಚುಕಡಿಮೆ ಪೂರ್ತಿ ಗೆಲ್ಲುತ್ತದೆ. ಸೊನ್ನೆ ಎಂದು ಕೊಟ್ಟರೆ ಸೊನ್ನೆಯಿಂದ ಭಾಗಿಸಲು ಬರುವುದಿಲ್ಲ. ಹಾಗಾಗಿ ಭಾಗಾಕಾರವನ್ನೇ ಬಿಟ್ಟು, ಹೆಚ್ಚು ಅಂಕ ಇರುವುದನ್ನು ನೇರವಾಗಿ ಎತ್ತಿಕೊಳ್ಳುತ್ತಾರೆ. ಚೀಟಿ ಎತ್ತುವ ಪ್ರಶ್ನೆಯೇ ಇಲ್ಲ.

ಜೊತೆಗೆ ಬಿಗಿ ಮಾಡುವ ಉಳಿದ ಸೆಟ್ಟಿಂಗ್‌ಗಳು ಹೀಗಿರುತ್ತವೆ. ಮಾಡೆಲ್ ಹೆಸರು ಸುಮ್ನೆ ಉದಾಹರಣೆಗೆ ಹಾಕಿದ್ದು:

```
{
  "model": "judge-model-2025-04-14",
  "temperature": 0,
  "top_p": 1,
  "seed": 7,
  "max_tokens": 400
}
```

`top_p` 1 ಇದ್ದರೆ ಯಾವ ಚೂರನ್ನೂ ಚೀಟಿ ಎತ್ತುವ ಮೊದಲೇ ಕೈಬಿಡುವುದಿಲ್ಲ. `seed` ಅಂದರೆ ಚೀಟಿ ಎತ್ತುವ ಯಂತ್ರದ ಆರಂಭದ ಸಂಖ್ಯೆ. ಅದನ್ನು ಕಟ್ಟಿಹಾಕಿದರೆ ಪ್ರತಿ ಸಲವೂ ಅದೇ ಕ್ರಮದಲ್ಲಿ ಚೀಟಿ ಬರುತ್ತದೆ. ಎಲ್ಲ ಸೇವೆಗಳಲ್ಲೂ ಈ ಸೌಲಭ್ಯ ಇಲ್ಲ. ಕೆಲವು ‘ಯೋಚಿಸಿ ಉತ್ತರಿಸುವ’ ಮಾಡೆಲ್‌ಗಳಲ್ಲಂತೂ ಟೆಂಪರೇಚರ್ ಮುಟ್ಟಲೂ ಬಿಡುವುದಿಲ್ಲ. `max_tokens` ಅಂದರೆ ಉತ್ತರ ಎಷ್ಟು ಟೋಕನ್‌ವರೆಗೆ ಹೋಗಬಹುದು ಎಂಬ ಮಿತಿ. ನೋಡಲು ಸಾಧು, ಆದರೆ ಅದು ಕಡಿಮೆಯಾದರೆ ಕಾರಣ ಬರೆಯುತ್ತಿದ್ದ ಮಾಡೆಲ್ ತೀರ್ಪಿಗೆ ಬರುವ ಮೊದಲೇ ನಿಂತುಬಿಡುತ್ತದೆ. ಆಗ ನಮ್ಮ ಪ್ರೋಗ್ರಾಂ ತೀರ್ಪು ಸಿಗದೆ ‘ತಪ್ಪು’ ಎಂದು ಲೆಕ್ಕ ಹಾಕಿದರೆ, ಅದು ಮಾಡೆಲ್‌ನ ತಪ್ಪಲ್ಲ. ಕನ್ನಡದಲ್ಲಿ ಕಾರಣ ಬರೆಸುವವರು ಇದನ್ನು ಧಾರಾಳವಾಗಿ ಇಡಬೇಕು. ಹೆಚ್ಚಿನ ಮಾಡೆಲ್‌ಗಳಲ್ಲಿ ಕನ್ನಡದ ಒಂದೊಂದು ಪದವೂ ಹಲವು ಟೋಕನ್ ಆಗಿ ಒಡೆಯುತ್ತದೆ. ಅದೇ ಕಾರಣಕ್ಕೆ ತೀರ್ಪನ್ನು ‘ಸರಿ’, ‘ತಪ್ಪು’ ಎನ್ನುವ ಬದಲು 1, 0 ಎಂದು ಕೇಳುವುದು ವಾಸಿ. ಒಂದೇ ಚೂರಿನಲ್ಲಿ ಮುಗಿಯುತ್ತದೆ.

ಇಷ್ಟೆಲ್ಲ ಬಿಗಿ ಮಾಡಿದ ಮೇಲೂ ತೀರ್ಪು ಬದಲಾಗುವುದಿದೆ. ಚೀಟಿಯೇ ಇಲ್ಲ ಎಂದಮೇಲೆ ಬದಲಾವಣೆ ಎಲ್ಲಿಂದ ಬಂತು? ನನಗೆ ಈ ವಿಷಯದಲ್ಲಿ ತುಂಬ ಹಿಡಿಸಿದ್ದು ಇದೇ ಭಾಗ.

ಕಿರಾಣಿ ಅಂಗಡಿಯ ಲೆಕ್ಕದಿಂದ ಶುರು ಮಾಡೋಣ. ಅಂಗಡಿಯವರು ಪ್ರತಿ ಸಲ ಕೂಡಿದಾಗಲೂ ಮೊತ್ತವನ್ನು ಹತ್ತಿರದ ರೂಪಾಯಿಗೆ ದುಂಡಾಗಿಸುತ್ತಾರೆ ಎನ್ನಿ. 10 ರೂಪಾಯಿಯ ಸಾಮಾನಿದೆ, 40 ಪೈಸೆಯ ಮೂರು ಸಾಮಾನಿವೆ. 10ಕ್ಕೆ 40 ಪೈಸೆ ಕೂಡಿ ದುಂಡಾಗಿಸಿದರೆ 10. ಇನ್ನೊಂದು 40 ಪೈಸೆ, ಮತ್ತೆ 10. ಮೂರನೆಯದು, ಆಗಲೂ 10. ಈಗ ಮೂರು ಸಣ್ಣ ಸಾಮಾನನ್ನೇ ಮೊದಲು ಕೂಡಿ. 40ಕ್ಕೆ 40 ಕೂಡಿದರೆ 80 ಪೈಸೆ, ದುಂಡಾಗಿಸಿದರೆ 1 ರೂಪಾಯಿ. ಅದಕ್ಕೆ ಮೂರನೆಯ 40 ಪೈಸೆ ಕೂಡಿದರೆ 1 ರೂಪಾಯಿ 40 ಪೈಸೆ. ದುಂಡಾಗಿಸಿದರೆ 1. ಒಟ್ಟು 11. ಸಾಮಾನು ಅದೇ, ಕೂಡಿದ ಕ್ರಮ ಬೇರೆ, ಬಿಲ್ ಬೇರೆ.

ಕಂಪ್ಯೂಟರಿನ ದಶಮಾಂಶ ಲೆಕ್ಕವೂ ಹೀಗೇ. ಪೈಥಾನ್ ಇದ್ದರೆ ಈಗಲೇ ಮಾಡಿ ನೋಡಬಹುದು:

```
>>> (0.1 + 0.2) + 0.3
0.6000000000000001
>>> 0.1 + (0.2 + 0.3)
0.6
```

ಮಾಡೆಲ್‌ಗಳನ್ನು ಓಡಿಸುವಾಗ ಜಾಗ ಉಳಿಸಲು `bfloat16` ಎಂಬ ಇನ್ನೂ ಒರಟಾದ ಸಂಖ್ಯೆಗಳನ್ನು ಬಳಸುತ್ತಾರೆ. ಅದರಲ್ಲಿ 256ಕ್ಕೆ 1 ಕೂಡಿದರೆ 256 ಆಗಿಯೇ ಉಳಿಯುತ್ತದೆ. 257 ಎಂಬ ಸಂಖ್ಯೆಯನ್ನು ಬರೆಯಲು ಅಲ್ಲಿ ಜಾಗವೇ ಇಲ್ಲ. ಆದರೆ ಎರಡು 1ನ್ನು ಮೊದಲು ಕೂಡಿ 256ಕ್ಕೆ ಸೇರಿಸಿದರೆ 258 ಬರುತ್ತದೆ. ಲೆಕ್ಕದ ಕೆಲವು ಹಂತಗಳನ್ನು ಹೆಚ್ಚು ನಿಖರವಾದ ಸಂಖ್ಯೆಗಳಲ್ಲಿ ಮಾಡುತ್ತಾರೆ ನಿಜ. ಆದರೂ ಎಲ್ಲೋ ಒಂದು ಕಡೆ ದುಂಡಾಗಿಸಲೇಬೇಕು.

ಸರಿ, ಆದರೆ ಕೂಡುವ ಕ್ರಮ ಪ್ರತಿ ಸಲ ಯಾಕೆ ಬದಲಾಗಬೇಕು? ನಮ್ಮ ಪ್ರಶ್ನೆ ಸರ್ವರ್‌ನಲ್ಲಿ ಒಂಟಿಯಾಗಿ ಓಡುವುದಿಲ್ಲ. ಕಾವಲಿ ಮೇಲೆ ಬೇರೆ ಬೇರೆ ಟೇಬಲ್ಲಿನ ದೋಸೆಗಳನ್ನು ಒಟ್ಟಿಗೆ ಹುಯ್ದಂತೆ, ಆ ಕ್ಷಣಕ್ಕೆ ಬಂದ ಬೇರೆಯವರ ಪ್ರಶ್ನೆಗಳ ಜೊತೆ ಒಂದೇ ಬ್ಯಾಚ್ ಆಗಿ ಹೋಗುತ್ತದೆ. ಬ್ಯಾಚ್‌ನಲ್ಲಿ ಎಷ್ಟು ಪ್ರಶ್ನೆ ಇವೆ ಎಂಬುದನ್ನು ನೋಡಿಕೊಂಡು ಜಿಪಿಯು ಲೆಕ್ಕವನ್ನು ಹೇಗೆ ತುಂಡು ಮಾಡಬೇಕು, ಯಾವ ತುಂಡನ್ನು ಯಾವುದಕ್ಕೆ ಕೂಡಬೇಕು ಎಂಬುದು ನಿರ್ಧಾರವಾಗುತ್ತದೆ. ಬೆಳಿಗ್ಗೆ ಸರ್ವರ್ ಖಾಲಿ ಇತ್ತು, ಸಂಜೆ ತುಂಬಿತ್ತು. ಕೂಡಿದ ಕ್ರಮ ಬೇರೆಯಾಯಿತು. ನಮ್ಮ ಅಂಕಗಳ ಕೊನೆಯ ದಶಮಾಂಶ ಅಲುಗಿತು.

2025ರ ಸೆಪ್ಟೆಂಬರ್‌ನಲ್ಲಿ ಥಿಂಕಿಂಗ್ ಮಷೀನ್ಸ್ ಲ್ಯಾಬ್ ಎಂಬ ಸಂಸ್ಥೆ ಇದನ್ನು ಚೆನ್ನಾಗಿ ತೋರಿಸಿಕೊಟ್ಟಿತು. ಕ್ವೆನ್ ಕುಟುಂಬದ ಒಂದು ದೊಡ್ಡ ಮಾಡೆಲ್‌ಗೆ, ಟೆಂಪರೇಚರ್ ಸೊನ್ನೆ ಇಟ್ಟು, ರಿಚರ್ಡ್ ಫೈನ್‌ಮನ್ ಬಗ್ಗೆ ಹೇಳು ಎಂಬ ಒಂದೇ ಪ್ರಶ್ನೆಯನ್ನು 1000 ಸಲ ಕೇಳಿದರು. ಬಂದದ್ದು 80 ಬೇರೆ ಬೇರೆ ಉತ್ತರ. ಮೊದಲ 102 ಟೋಕನ್‌ಗಳು ಸಾವಿರಕ್ಕೆ ಸಾವಿರದಲ್ಲೂ ಒಂದೇ. 103ನೆಯದರಲ್ಲಿ ದಾರಿ ಕವಲಾಯಿತು. ಫೈನ್‌ಮನ್ ಹುಟ್ಟಿದ ಊರನ್ನು 992 ಸಲ ‘ಕ್ವೀನ್ಸ್, ನ್ಯೂಯಾರ್ಕ್’ ಎಂದಿತು, 8 ಸಲ ‘ನ್ಯೂಯಾರ್ಕ್ ಸಿಟಿ’ ಎಂದಿತು. ಎರಡೂ ಸರಿಯೇ. ಕ್ವೀನ್ಸ್ ಇರುವುದು ನ್ಯೂಯಾರ್ಕ್ ನಗರದೊಳಗೇ. ಅಂದರೆ ದಾರಿ ಕವಲಾದದ್ದು ಎರಡು ಆಯ್ಕೆಗಳು ಹತ್ತಿರ ಹತ್ತಿರ ನಿಂತಿದ್ದ ಜಾಗದಲ್ಲಿ. ಬ್ಯಾಚ್ ಎಷ್ಟೇ ದೊಡ್ಡದಿರಲಿ, ಕೂಡುವ ಕ್ರಮ ಒಂದೇ ಇರುವ ಹಾಗೆ ಲೆಕ್ಕದ ವಿಧಾನವನ್ನು ಅವರು ತಿರುಗಿ ಬರೆದ ಮೇಲೆ 1000ವೂ ಒಂದೇ ಬಂತು. ಕೆಲಸ ನಿಧಾನವಾಯಿತು. ಆದರೆ ಪೂರ್ತಿ ಸಾಧ್ಯ ಎಂಬುದು ಗೊತ್ತಾಯಿತು. ಸ್ವಂತ ಯಂತ್ರದಲ್ಲಿ ಮಾಡೆಲ್ ಓಡಿಸುವವರಿಗೆ ಈ ದಾರಿ ಇದೆ. ಬೇರೆಯವರ ಸೇವೆ ಬಳಸುವವರಿಗೆ ಆ ಸೇವೆಯವರು ಕೊಟ್ಟರೆ ಮಾತ್ರ ಉಂಟು.

ಇದನ್ನು ತೀರ್ಪಿಗೆ ಅನ್ವಯಿಸಿ ನೋಡಿ. ಬೆಂಗಳೂರಿನ ಉತ್ತರಕ್ಕೆ 5 ಅಂಕದ ಅಂತರ ಇತ್ತು. ದಶಮಾಂಶದ ಕೊನೆಯಲ್ಲಿ ಆಗುವ ಅಲುಗಾಟ ಅದನ್ನು ಏನೂ ಮಾಡಲಾರದು. ಅಂತರ ತೀರಾ ಸಣ್ಣದಿದ್ದಾಗ ಮಾತ್ರ ಮೇಲಿನದು ಕೆಳಗೆ, ಕೆಳಗಿನದು ಮೇಲೆ ಆಗುತ್ತದೆ. ಆದರೆ ತೀರ್ಪಿಗೆ ಮೊದಲು ಕಾರಣ ಬರೆಯಲು ಹೇಳಿದ್ದರೆ ಕಥೆ ಬೇರೆ. ಇನ್ನೂರು ಟೋಕನ್‌ಗಳ ಕಾರಣದಲ್ಲಿ ಎಲ್ಲೋ ಒಂದು ಕಡೆ ‘ಹಿಂದೆ ಬಳ್ಳಾರಿಯಲ್ಲಿತ್ತು’ ಎನ್ನುವ ಬದಲು ‘ಈಗ ವಿಜಯನಗರದಲ್ಲಿದೆ’ ಎಂದು ಶುರುವಾದರೆ ಮುಂದಿನದೆಲ್ಲ ಅದೇ ದಾರಿ ಹಿಡಿಯುತ್ತದೆ. ಮಾಡೆಲ್ ತಾನು ಬರೆದದ್ದನ್ನೇ ಓದಿಕೊಂಡು ಮುಂದೆ ಬರೆಯುವುದು. ತೀರ್ಪಿನ ಹೊತ್ತಿಗೆ ಅದು ತಾನೇ ಕೊಟ್ಟ ಕಾರಣಕ್ಕೆ ಒಪ್ಪುವ ತೀರ್ಪು ಕೊಡುತ್ತದೆ. ಕಾರಣ ಬರೆಸುವುದು ಬೇಡ ಎನ್ನುತ್ತಿಲ್ಲ. ಕಷ್ಟದ ಉತ್ತರಗಳಲ್ಲಿ ಬರೆಸಿದರೆ ತೀರ್ಪು ಹೆಚ್ಚಾಗಿ ಉತ್ತಮವಾಗುತ್ತದೆ, ಜೊತೆಗೆ ನಮಗೂ ಓದಲು ಏನಾದರೂ ಸಿಗುತ್ತದೆ. ಆದರೆ ದಾರಿ ಕವಲಾಗುವ ಜಾಗಗಳು ಹೆಚ್ಚಾಗುತ್ತವೆ ಎಂಬುದು ತಿಳಿದಿರಬೇಕು.

ಇನ್ನು ನಾವು ‘ಬದಲಿಸಿಲ್ಲ’ ಎಂದುಕೊಂಡಿದ್ದರೂ ಬದಲಾಗಿರುವ ಸಂಗತಿಗಳು. ಮಾಡೆಲ್ ಹೆಸರಿನ ಕೊನೆಗೆ ದಿನಾಂಕ ಇಲ್ಲದೆ ಬರೀ ‘ಇತ್ತೀಚಿನದು’ ಎಂಬ ಹೆಸರು ಹಾಕಿದ್ದರೆ, ಒಂದು ದಿನ ಆ ಹೆಸರಿನ ಹಿಂದೆ ಬೇರೆ ಮಾಡೆಲ್ ಬಂದು ಕೂತಿರುತ್ತದೆ. ಪ್ರಾಂಪ್ಟ್‌ನ ತಲೆಯಲ್ಲಿ ‘ಇಂದಿನ ದಿನಾಂಕ’ ತಾನಾಗಿ ಸೇರುತ್ತಿದ್ದರೆ, ಪ್ರತಿ ದಿನವೂ ಅದು ಹೊಸ ಪ್ರಾಂಪ್ಟ್. ಹಂಪಿಯ ಪ್ರಶ್ನೆಗಂತೂ ದಿನಾಂಕವೇ ಮುಖ್ಯ ಅಲ್ವಾ!

ಕನ್ನಡಕ್ಕೆ ವಿಶೇಷವಾದ ಒಂದು ತೊಡಕಿದೆ, ಅದನ್ನು ಬಿಡಿಸಿ ಹೇಳಲೇಬೇಕು. ‘ಕೋ’ ಎಂಬ ಅಕ್ಷರವನ್ನು ಯೂನಿಕೋಡ್‌ನಲ್ಲಿ ಕ ಮತ್ತು ಓತ್ವ ಎಂದು ಎರಡು ಸಂಕೇತಗಳಲ್ಲಿ ಬರೆಯಬಹುದು. ಅದೇ ಓತ್ವವನ್ನು ಮೂರು ಚೂರಾಗಿ ಬಿಡಿಸಿ, ಒಟ್ಟು ನಾಲ್ಕು ಸಂಕೇತಗಳಲ್ಲೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಮಾಡೆಲ್‌ಗೆ ಹೋಗುವ ಟೋಕನ್‌ಗಳು ಬೇರೆಯಾಗಬಹುದು.

```
>>> import unicodedata
>>> a = "\u0c95\u0ccb"
>>> b = "\u0c95\u0cc6\u0cc2\u0cd5"
>>> a == b
False
>>> unicodedata.normalize("NFC", b) == a
True
```

ಮೊದಲ ಸಲ ಫೈಲಿನಿಂದ ಓದಿದ ಉತ್ತರ, ಎರಡನೇ ಸಲ ಬೇರೆ ಪ್ರೋಗ್ರಾಂನಿಂದ ಕಾಪಿ ಮಾಡಿ ಅಂಟಿಸಿದ ಉತ್ತರ, ಇವೆರಡರಲ್ಲಿ ಇಂಥ ವ್ಯತ್ಯಾಸ ಇರಬಹುದು. ಕಳಿಸುವ ಮೊದಲು ಎಲ್ಲವನ್ನೂ ಮೇಲಿನಂತೆ `NFC` ರೂಪಕ್ಕೆ ತಂದುಬಿಡಿ. ಅದರ ಜೊತೆ, ಕಳಿಸಿದ ಪೂರ್ತಿ ಪ್ರಾಂಪ್ಟ್‌ನ ಹ್ಯಾಶ್ ಒಂದನ್ನು ದಾಖಲಿಸಿಡಿ. ಹ್ಯಾಶ್ ಅಂದರೆ ಬರಹದ ಬೆರಳಚ್ಚಿನಂಥ ಸಂಖ್ಯೆ, ಒಂದಕ್ಷರ ಬದಲಾದರೂ ಅದು ಬದಲಾಗುತ್ತದೆ. ಎರಡು ಸಲದ ಹ್ಯಾಶ್ ಬೇರೆಯಾಗಿದ್ದರೆ, ಬದಲಾದದ್ದು ನಮ್ಮ ಕಡೆಯಲ್ಲೇ. ಮಾಡೆಲ್ ಅನ್ನು ದೂರುವ ಮೊದಲು ಅದನ್ನು ನೋಡಬೇಕು.

ಹಾಗಾದರೆ ಉಳಿದ ಏರುಪೇರನ್ನು ಅಳೆಯುವುದು ಹೇಗೆ? 200 ಉತ್ತರಗಳಿವೆ ಎನ್ನೋಣ. ಏನನ್ನೂ ಬದಲಿಸದೆ ಅವನ್ನೇ ಐದು ಸಲ ತೀರ್ಪಿಗೆ ಕಳಿಸಿ. ಒಂದೇ ಹೊತ್ತಿಗಲ್ಲ, ಬೇರೆ ಬೇರೆ ಹೊತ್ತಿನಲ್ಲಿ. ಆಗ ಸರ್ವರ್‌ನ ಸ್ಥಿತಿಯೂ ಬದಲಾಗಿರುತ್ತದೆ. ಐದೂ ಸಲ ಒಂದೇ ತೀರ್ಪು ಬರದ ಉತ್ತರಗಳೆಷ್ಟು ಎಂದು ಎಣಿಸಿ. ಅಂಥವು 6 ಇವೆ ಎನ್ನಿ. ಅಂದರೆ ಚಾಟ್‌ಬಾಟ್ ಮುಟ್ಟದೆಯೇ ಒಟ್ಟು ಅಂಕಿ ನೂರಕ್ಕೆ 3ರವರೆಗೆ ಆಚೀಚೆ ಹೋಗಲು ಜಾಗವಿದೆ. ಸಾಮಾನ್ಯವಾಗಿ ಅಷ್ಟು ಹೋಗುವುದಿಲ್ಲ, ಕೆಲವು ಈ ಕಡೆ ಕೆಲವು ಆ ಕಡೆ ವಾಲಿ ಸರಿದೂಗುತ್ತವೆ. ಆದರೆ 87ರಿಂದ 88ಕ್ಕೆ ಏರಿದ್ದು ಸುಧಾರಣೆ ಎಂದು ಹೇಳುವ ಧೈರ್ಯ ನನಗಂತೂ ಬರುವುದಿಲ್ಲ. ಒಟ್ಟು ಅಂಕಿಯನ್ನಷ್ಟೇ ನೋಡಿದರೂ ಮೋಸ ಹೋಗುತ್ತೇವೆ. ಎರಡು ಸಲವೂ 87 ಬಂದು, ಒಳಗೆ ಮೂರು ಉತ್ತರ ‘ಸರಿ’ಯಿಂದ ‘ತಪ್ಪಿ’ಗೂ ಬೇರೆ ಮೂರು ‘ತಪ್ಪಿ’ನಿಂದ ‘ಸರಿ’ಗೂ ಹೋಗಿರಬಹುದು. ಒಂದೊಂದು ಉತ್ತರದ ತೀರ್ಪನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು.

ಇಲ್ಲೇ ಸೊನ್ನೆ ಟೆಂಪರೇಚರ್‌ನ ಒಂದು ಅಪಾಯವೂ ಕಾಣುತ್ತದೆ. ಹಂಪಿಯ ಉತ್ತರಕ್ಕೆ 52.5ಕ್ಕೆ 47.5 ಇದ್ದರೂ, ಅಲುಗಾಟ ಆಗದ ದಿನ ಅದು ಐದಕ್ಕೆ ಐದು ಸಲವೂ ‘ಸರಿ’ ಎಂದೇ ಹೇಳುತ್ತದೆ. ನೋಡಿದವರಿಗೆ ಮಾಡೆಲ್‌ಗೆ ಗಟ್ಟಿ ಗೊತ್ತಿದೆ ಅನ್ನಿಸುತ್ತದೆ. ಒಳಗೆ ಅದು ತಕ್ಕಡಿಯ ಮಧ್ಯದಲ್ಲಿ ನಿಂತಿದೆ. ಅದಕ್ಕೇ ನಾನು ಎರಡು ಬಗೆಯಲ್ಲಿ ಓಡಿಸುವುದು ಒಳ್ಳೆಯದು ಎನ್ನುತ್ತೇನೆ. ದಾಖಲೆಗೆ ಹೋಗುವ ತೀರ್ಪು ಸೊನ್ನೆಯಲ್ಲಿ. ಯಾವ ಉತ್ತರದಲ್ಲಿ ಅನುಮಾನ ಇದೆ ಎಂದು ಹುಡುಕಲು ಅದೇ ಕಟ್ಟನ್ನು ಟೆಂಪರೇಚರ್ 1ರಲ್ಲಿ ಹತ್ತು ಸಲ. ಬೆಂಗಳೂರು ಹತ್ತಕ್ಕೆ ಹತ್ತು ‘ಸರಿ’ ಬರುತ್ತದೆ. ಹಂಪಿ ಆರು ನಾಲ್ಕು, ಐದು ಐದು ಹೀಗೆ ಬರುತ್ತದೆ. ಟೋಕನ್‌ನ ಸಂಭವನೀಯತೆಯನ್ನೇ ತೋರಿಸುವ ಸೇವೆಯಾದರೆ, ಹತ್ತು ಸಲದ ಬದಲು ಒಂದೇ ಸಲದಲ್ಲಿ 1ಕ್ಕೆಷ್ಟು, 0ಗೆಷ್ಟು ಎಂದು ಓದಿಕೊಳ್ಳಬಹುದು. ಕಾರಣ ಬರೆಸದೆ ನೇರ ತೀರ್ಪು ಕೇಳಿದಾಗ ಮಾತ್ರ ಇದು ನಂಬುವಂಥದ್ದು. ಕಾರಣ ಬರೆದಾದ ಮೇಲೆ ಕೊನೆಯ ಚೂರು ಸಾಮಾನ್ಯವಾಗಿ ನೂರಕ್ಕೆ 99ರ ಆಸುಪಾಸನ್ನೇ ತೋರಿಸುತ್ತದೆ, ಅನುಮಾನವೆಲ್ಲ ಹಿಂದಿನ ಸಾಲುಗಳಲ್ಲೇ ಮುಗಿದುಹೋಗಿರುತ್ತದೆ.

ಪ್ರತಿ ಸಲ ಒಂದೇ ಬಂದರೆ ಅದು ಸರಿ ಎಂದೂ ಅಲ್ಲ. ಎರಡು ಉತ್ತರ ಕೊಟ್ಟು ಯಾವುದು ಮೇಲು ಎಂದು ಕೇಳುವ ಪದ್ಧತಿಯಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. 2023ರಲ್ಲಿ ಬಂದ `MT-Bench` ಅಧ್ಯಯನದಲ್ಲಿ ಉತ್ತರಗಳ ಜಾಗ ಅದಲುಬದಲು ಮಾಡಿ ನೋಡಿದಾಗ, ಆಗಿನ ಜಿಪಿಟಿ-4 ನೂರಕ್ಕೆ ಸುಮಾರು 65 ಸಲ ಮಾತ್ರ ಅದೇ ತೀರ್ಪಿಗೆ ಅಂಟಿಕೊಂಡಿತ್ತು. ಬೇರೆ ಮಾಡೆಲ್‌ಗಳು ಇನ್ನೂ ಕಡಿಮೆ. ಸೊನ್ನೆ ಟೆಂಪರೇಚರ್ ಈ ವಾಲುವಿಕೆಯನ್ನು ಸರಿಮಾಡುವುದಿಲ್ಲ, ಅದನ್ನೇ ಪ್ರತಿ ಸಲ ತಪ್ಪದೆ ಮತ್ತೆ ಮಾಡುತ್ತದೆ. ಹಾಗಾಗಿ ಜೋಡಿ ತೀರ್ಪಿನಲ್ಲಿ ಎರಡೂ ಕ್ರಮದಲ್ಲಿ ಕೇಳಬೇಕು. ಎರಡೂ ಸಲ ಒಂದೇ ಉತ್ತರ ಗೆದ್ದರೆ ಗೆದ್ದಂತೆ. ಇಲ್ಲವಾದರೆ ಸಮ ಎಂದು ಬರೆದುಕೊಳ್ಳಬೇಕು.

ಮಗುಚಿದ ಆ 6 ಉತ್ತರಗಳನ್ನು ಮಾತ್ರ ಕೂತು ಓದಲೇಬೇಕು. 200 ಓದುವುದು ಕಷ್ಟ, 6 ಕಷ್ಟವಲ್ಲ. ಓದಿದಾಗ ಹಲವು ಸಲ ಕಾಣುವುದು ಇಷ್ಟೇ: ತಪ್ಪು ಮಾಡೆಲ್‌ನದಲ್ಲ, ನಾವು ಕೊಟ್ಟ ಕೀ ಆನ್ಸರ್ ಅರ್ಧಂಬರ್ಧ. ಮನುಷ್ಯರು ಪೇಪರ್ ತಿದ್ದುವಾಗಲೂ ಇದೇ ಆಗುತ್ತದೆ. ಒಬ್ಬ ಮೇಷ್ಟ್ರು ಬಳ್ಳಾರಿಗೆ ಅಂಕ ಕೊಡುತ್ತಾರೆ, ಪಕ್ಕದ ಟೇಬಲ್ಲಿನ ಮೇಡಂ ಕೊಡುವುದಿಲ್ಲ. ಇಬ್ಬರೂ ಎದ್ದು ಹೋಗಿ ಸ್ಕೀಮ್‌ನಲ್ಲಿ ಏನಿದೆ ಎಂದು ಕೇಳುತ್ತಾರೆ. ಮಾಡೆಲ್ ಕೇಳುವುದಿಲ್ಲ, ಒಂದನ್ನು ಆರಿಸಿ ಮುಂದೆ ಹೋಗುತ್ತದೆ.

ಆದ್ದರಿಂದ ಪ್ರಾಂಪ್ಟ್‌ನಲ್ಲಿ ‘ಉತ್ತರ ಸರಿಯೇ?’ ಎಂದಷ್ಟೇ ಇದ್ದ ಜಾಗದಲ್ಲಿ ಹೀಗೆ ಬರೆಯಬೇಕು: ‘ಹಂಪಿ ಈಗ ವಿಜಯನಗರ ಜಿಲ್ಲೆಯಲ್ಲಿದೆ, 2021ಕ್ಕೆ ಮೊದಲು ಬಳ್ಳಾರಿ ಜಿಲ್ಲೆಯಲ್ಲಿತ್ತು. ಇಂದಿನ ಜಿಲ್ಲೆ ಹೇಳಿದರೆ 1. ಹಳೆಯ ಜಿಲ್ಲೆಯನ್ನು ಈಗಿನದು ಎಂಬಂತೆ ಹೇಳಿದರೆ 0. ಹಿಂದೆ ಬಳ್ಳಾರಿಯಲ್ಲಿತ್ತು ಎಂದು ಬಿಡಿಸಿ ಹೇಳಿ, ಈಗಿನದನ್ನೂ ಸರಿಯಾಗಿ ಹೇಳಿದ್ದರೆ 1.’ ಮಾಡೆಲ್ ಈಗ ತನ್ನ ನೆನಪಿನ ಹಳೆಯದು ಹೊಸದರ ನಡುವೆ ತೂಗಬೇಕಿಲ್ಲ. ಅಂತರ 0.1ರಿಂದ ದೊಡ್ಡದಾಗುತ್ತದೆ. ಆಮೇಲೆ ಅದೇ ಉತ್ತರವನ್ನು ಟೆಂಪರೇಚರ್ 1ರಲ್ಲಿ ಹತ್ತು ಸಲ ಓಡಿಸಿ ನೋಡಬೇಕು. ಹತ್ತೂ ಸಲ 0 ಬಂದರೆ ಈ ಸಾಲುಗಳು ಕೆಲಸ ಮಾಡಿವೆ. ಇನ್ನೂ ಎರಡು ಮೂರು ಸಲ 1 ಬರುತ್ತಿದ್ದರೆ, ‘ಹೊಸಪೇಟೆ ಹತ್ತಿರ’ ಎಂಬ ಮಾತು ಸರಿಯಾಗಿದೆ ಎಂದು ಮಾಡೆಲ್ ಅದಕ್ಕೆ ಅಂಕ ಕೊಡುತ್ತಿರಬಹುದು. ಊರಿನ ಹೆಸರಿಗೆ ಅಂಕ ಉಂಟೋ ಇಲ್ಲವೋ ಎಂಬುದನ್ನೂ ಇನ್ನೊಂದು ಸಾಲಿನಲ್ಲಿ ಬರೆದು, ಮತ್ತೆ ಹತ್ತು ಸಲ ಓಡಿಸಬೇಕು.